ಗೋಡೆಯ ಮೇಲಿನ ಐದಡಿ ಏಳಿಂಚು

ಕಳೆದ ತಿಂಗಳು ಒಂದು ಸಂಜೆ, ವಿದ್ಯಾರಣ್ಯಪುರಂನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಚಾಮುಂಡಿ ಬೆಟ್ಟದ ದೀಪಗಳು ಹೊತ್ತಿಕೊಳ್ಳುವುದನ್ನು ನೋಡುತ್ತಿದ್ದಾಗ ದೂರವಾಣಿ ಕರೆಯೊಂದು ಬಂದಿತು. ಮೂವತ್ತು ವರ್ಷಗಳ ಹಿಂದೆ ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ನನ್ನ ಬಳಿ ಗಣಿತ ಕಲಿತ ವಿದ್ಯಾರ್ಥಿ. ಈಗ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಕುಶಲೋಪರಿಯಾದ ಮೇಲೆ ಆತ ಕೇಳಿದ: "ಮೇಷ್ಟ್ರೇ, ಮಗ ಸಮವಸ್ತ್ರದ ನೌಕರಿಗೆ ಅರ್ಜಿ ಹಾಕಬೇಕು ಅಂತಿದ್ದಾನೆ. 168 ಸೆಂಟಿಮೀಟರ್ ಎತ್ತರ ಇರಬೇಕಂತೆ. ಅವನು ಐದಡಿ ಆರಿಂಚು ಇದ್ದಾನೆ. ಸಾಕಾಗುತ್ತಾ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೇಳಲು ಬಾಯಿ ಬರಲಿಲ್ಲ. ಇದೇ ಪ್ರಶ್ನೆಗೆ ಬಹಳ ವರ್ಷಗಳ ಹಿಂದೆ ಇದೇ ಹುಡುಗನಿಗೆ ನಾನು ಪರೋಕ್ಷವಾಗಿ ಒಂದು ತಪ್ಪು ಉತ್ತರ ಕೊಟ್ಟಿದ್ದೆ. ಅದರ ಕಥೆಯನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅದನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಆ ಗೋಡೆಗೆ ಬೆನ್ನು ಕೊಟ್ಟು ನಿಂತವರೇ ಇರುವುದರಿಂದ, ಈಗಲಾದರೂ ಬರೆದಿಡುವುದು ನ್ಯಾಯವೆಂದು ತೋರಿತು.

ಮೊದಲು ಗೋಡೆಯ ವಿಷಯ. ಆ ಶಾಲೆಗೆ ನಾನು ಹೋದ ಹೊಸತರಲ್ಲಿ ಹತ್ತನೆಯ ತರಗತಿಯ ಕೊಠಡಿಯ ಬಾಗಿಲ ಪಕ್ಕದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಎತ್ತರ ಅಳೆಯುವ ಪಟ್ಟಿಯೊಂದನ್ನು ಬರೆದೆ. ಉದ್ದನೆಯ ಟೇಪು ಇರಲಿಲ್ಲ. ಕೈಯಲ್ಲಿದ್ದದ್ದು ನಾವೆಲ್ಲ ಬಲ್ಲ ಮರದ ಸ್ಕೇಲು; ಒಂದು ಅಂಚಿನಲ್ಲಿ ಸೆಂಟಿಮೀಟರುಗಳು, ಇನ್ನೊಂದು ಅಂಚಿನಲ್ಲಿ ಇಂಚುಗಳು. ಅದನ್ನು 'ಅಡಿಕೋಲು' ಎಂದೇ ಕರೆಯುತ್ತಿದ್ದೆವು. ನೆಲದಿಂದ ಐದು ಸಲ ಅದನ್ನು ಒಂದರ ಮೇಲೊಂದು ನಿಲ್ಲಿಸಿ, ಪ್ರತಿ ಬಾರಿಯೂ 30ರ ಗೆರೆಯ ಎದುರು ಗುರುತು ಹಾಕಿ 'ಅಡಿ 1', 'ಅಡಿ 2' ಎಂದು ಐದರವರೆಗೆ ಬರೆದೆ. ಅದರ ಮೇಲೆ ಸ್ಕೇಲನ್ನು ತಿರುಗಿಸಿ ಇಂಚಿನ ಅಂಚಿನಿಂದ ಒಂದೊಂದೇ ಇಂಚನ್ನು ಗುರುತಿಸಿದೆ. ಅಂದವಾಗಿಯೇ ಬಂದಿತು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮಕ್ಕಳನ್ನು ಅಲ್ಲಿ ನಿಲ್ಲಿಸಿ ಎತ್ತರ ಬರೆದುಕೊಳ್ಳುತ್ತಿದ್ದೆ. ಈ ಹುಡುಗ ಶಾಲೆ ಬಿಟ್ಟ ಎರಡು ವರ್ಷಗಳ ನಂತರ ಒಮ್ಮೆ ಬಂದು ಅಲ್ಲಿ ನಿಂತಾಗ ಐದಡಿ ಏಳಿಂಚು ಎಂದು ಗೋಡೆ ಹೇಳಿತು. ಆಗಲೂ ಕೇಳಿದ್ದ ಎತ್ತರ 168 ಸೆಂಟಿಮೀಟರ್. ಐದಡಿ ಏಳಿಂಚೆಂದರೆ 170ಕ್ಕಿಂತ ಹೆಚ್ಚು, ಧೈರ್ಯವಾಗಿ ಹೋಗು ಎಂದು ಬೆನ್ನು ತಟ್ಟಿ ಕಳುಹಿಸಿದೆ. ಓಟದಲ್ಲಿ ಅವನೇ ಮುಂದಿದ್ದ. ಎತ್ತರದ ಕಂಬದ ಕೆಳಗೆ ನಿಂತಾಗ 167.5 ಎಂದು ಬರೆದು ಹೊರಗೆ ಕಳುಹಿಸಿದರು.

ಅಳೆದವರು ಸರಿಯಾಗಿಯೇ ಅಳೆದಿದ್ದರು. ತಪ್ಪಿದ್ದು ನನ್ನ ಗೋಡೆ. ಅದನ್ನು ಕಂಡುಕೊಂಡದ್ದು ದರ್ಜಿಯೊಬ್ಬನ ಟೇಪಿನಿಂದ. ಶಾಲೆಯ ವಾರ್ಷಿಕೋತ್ಸವಕ್ಕೆ ಬಟ್ಟೆಯ ಅಳತೆ ತೆಗೆಯಲು ಬಂದವನ ಟೇಪನ್ನು, ಏನೋ ಅನುಮಾನದಿಂದ, ಗೋಡೆಗೆ ಹಿಡಿದು ನೋಡಿದೆ. ಟೇಪಿನ 60 ಇಂಚಿನ ಗೆರೆ, ಅಂದರೆ ನಿಜವಾದ ಐದಡಿ, ನನ್ನ 'ಅಡಿ 5'ರ ಗೆರೆಗಿಂತ ಹೆಚ್ಚು ಕಡಿಮೆ ಒಂದು ಇಂಚು ಮೇಲಕ್ಕೆ ಹೋಗಿ ನಿಂತಿತು.

ಕಾರಣ ಸರಳ. ಒಂದು ಇಂಚು ಎಂದರೆ 2.54 ಸೆಂಟಿಮೀಟರ್, ಹನ್ನೆರಡು ಇಂಚಿನ ಒಂದು ಅಡಿ ಎಂದರೆ 30.48 ಸೆಂಟಿಮೀಟರ್. ಸ್ಕೇಲಿನ ಮೇಲಿನ 30ರ ಗೆರೆ ಒಂದು ಅಡಿಯಲ್ಲ; ಅದು ಅಡಿಗಿಂತ ಸುಮಾರು ಅರ್ಧ ಸೆಂಟಿಮೀಟರ್ ಕಡಿಮೆ. ಒಂದು ಗೆರೆ ಎಳೆಯುವಾಗ ಆ ವ್ಯತ್ಯಾಸ ಕಣ್ಣಿಗೆ ಬೀಳದು. ಐದು ಸಲ ಕೂಡಿದಾಗ 2.4 ಸೆಂಟಿಮೀಟರ್ ಆಗುತ್ತದೆ. ನನ್ನ ಗೋಡೆಯ ಐದಡಿ 150 ಸೆಂಟಿಮೀಟರ್ ಮಾತ್ರ. ನಿಜವಾದ ಐದಡಿ 152.4. ಗೋಡೆಯ ಏಳಿಂಚನ್ನು 2.54ರಿಂದ ಗುಣಿಸಿದರೆ 17.78. ಎರಡನ್ನೂ ಕೂಡಿದರೆ 167.78. ನಿಜವಾದ ಐದಡಿ ಏಳಿಂಚು 170.18. ಅಂದರೆ ಹುಡುಗ ಎಷ್ಟಿದ್ದನೋ ಅಷ್ಟೇ ಇದ್ದ, ಅವನಿಗಿಲ್ಲದ 2.4 ಸೆಂಟಿಮೀಟರನ್ನು ನಾನು ಗೋಡೆಯ ಮೇಲೆ ಬಣ್ಣದಲ್ಲಿ ಬರೆದುಕೊಟ್ಟಿದ್ದೆ.

ಆ ಪಟ್ಟಿಯನ್ನು ಅಳಿಸಿ, ಈ ಬಾರಿ ದರ್ಜಿಯ ಟೇಪಿನಿಂದ ಹೊಸದಾಗಿ ಬರೆದೆ. ಅಲ್ಲಿಯವರೆಗೆ ಬರೆದುಕೊಂಡಿದ್ದ ಎತ್ತರಗಳನ್ನು ಮಾತ್ರ ಅಳಿಸಲಾಗಲಿಲ್ಲ. ಆ ವರ್ಷಗಳಲ್ಲಿ ಗೋಡೆಗೆ ನಿಂತವರು ಐದಡಿಗೆ ಮೇಲಿನ ತಮ್ಮ ಎತ್ತರದಲ್ಲಿ ಒಂದು ಇಂಚನ್ನು ಕಳೆದುಕೊಳ್ಳಬೇಕೆಂದು ಈ ಮೂಲಕ ವಿನಂತಿ.

ಈಗ ಯೋಚಿಸಬೇಕಾದದ್ದು ಇನ್ನೊಂದು. ಅರ್ಜಿ ಸೆಂಟಿಮೀಟರಿನಲ್ಲಿ ಕೇಳುವಾಗ ಹುಡುಗ ತನ್ನ ಎತ್ತರವನ್ನು ಅಡಿಯಲ್ಲೇಕೆ ಬಲ್ಲ? ಮೂವತ್ತು ವರ್ಷಗಳ ನಂತರ ಅವನ ಮಗನೂ ಅಡಿಯಲ್ಲೇಕೆ ಹೇಳುತ್ತಾನೆ? ಇದಕ್ಕೆ ಉತ್ತರ ನಮ್ಮ ದೇಶದ ಕಾನೂನಿನ ಇತಿಹಾಸದಲ್ಲಿದೆ.

1956ರ ಡಿಸೆಂಬರಿನಲ್ಲಿ, ಕನ್ನಡ ನಾಡು ಒಂದಾಗಿ ಎರಡು ತಿಂಗಳೂ ತುಂಬದಿದ್ದಾಗ, ತೂಕ ಮತ್ತು ಅಳತೆಗಳ ಪ್ರಮಾಣಗಳ ಅಧಿನಿಯಮ ಅಂಗೀಕಾರವಾಯಿತು. 1957ರ ಏಪ್ರಿಲ್ 1ರಂದು ಆಣೆಗಳು ಹೋಗಿ ನಯಾಪೈಸೆ ಬಂದಿತು. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಅಂಗಡಿಗೆ ಬಂದವು. ಸೇರು ಹೋಗಿ ಕಿಲೋ, ಗಜ ಹೋಗಿ ಮೀಟರ್. ನಮ್ಮ ತಾಯಿ ಬಹಳ ವರ್ಷ ಬಟ್ಟೆ ಅಂಗಡಿಯಲ್ಲಿ ಗಜ ಎಂದೇ ಕೇಳುತ್ತಿದ್ದರು. ಅಂಗಡಿಯವರು ಮೀಟರಿನಲ್ಲಿ ಅಳೆದು ಕೊಡುತ್ತಿದ್ದರು. ಕ್ರಮೇಣ ಆ ಮಾತು ಹೋಯಿತು. ಏಕೆಂದರೆ ಅಂಗಡಿಯವನ ಮೀಟರ್ ಕೋಲಿಗೆ ಇಲಾಖೆಯ ಮುದ್ರೆ ಬೇಕು, ಗಜದ ಕೋಲು ಇಟ್ಟುಕೊಂಡರೆ ದಂಡ. ಕಾನೂನಿನ ಕಣ್ಣು ಇದ್ದದ್ದು ಕೊಡುಕೊಳ್ಳುವ ವ್ಯವಹಾರದ ಮೇಲೆ.

ಮನುಷ್ಯನ ಎತ್ತರವನ್ನು ಯಾರೂ ಮಾರುವುದಿಲ್ಲ, ಕೊಳ್ಳುವುದೂ ಇಲ್ಲ. ಬಾಗಿಲ ಚೌಕಟ್ಟಿನ ಮೇಲೆ ಮಗುವಿನ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತಿಸುವ ಅಜ್ಜನ ಬಳಿಗೆ ಯಾವ ನಿರೀಕ್ಷಕರೂ ಬರಲಿಲ್ಲ. ಹೀಗಾಗಿ ಸರ್ಕಾರದ ಅರ್ಜಿ, ವೈದ್ಯರ ಚೀಟಿಗಳು ಸೆಂಟಿಮೀಟರಿಗೆ ಹೋದವು. ಮನೆಮಾತು, ವಧೂವರರ ಜಾಹೀರಾತು, ಕ್ರಿಕೆಟ್ ಆಟಗಾರರ ವರ್ಣನೆ ಅಡಿಯಲ್ಲೇ ಉಳಿದವು. ವೈದ್ಯರಿಗೆ ಬೇರೆ ದಾರಿಯೂ ಇರಲಿಲ್ಲ. ಇಂದು ಎಲ್ಲರೂ ಮಾತನಾಡುವ ಬಿ.ಎಂ.ಐ. ಎಂಬ ಸಂಖ್ಯೆಗೆ ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ಅಡಿ ಇಂಚುಗಳನ್ನು ಹಾಗೆಯೇ ಹಾಕಿದರೆ ಲೆಕ್ಕ ಬಾರದು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮನೆಗಳಲ್ಲಿ ಕಚೇರಿಯ ಕಾಗದವೂ ಅಡಿ ಇಂಚಿನಲ್ಲೇ ಇರುತ್ತದೆ, ಆದ್ದರಿಂದ ಅಲ್ಲಿ ಈ ಎಡವಟ್ಟು ಕಡಿಮೆ. ನಾವು ಮಾತ್ರ ಒಂದೇ ದೇಹಕ್ಕೆ ಮನೆಯಲ್ಲೊಂದು, ಕಚೇರಿಯಲ್ಲೊಂದು ಅಳತೆ ಇಟ್ಟುಕೊಂಡವರು.

ಅಡಿ ಉಳಿಯಲು ಭಾಷೆಯ ಸಹಾಯವೂ ಇತ್ತು. ಆಳೆತ್ತರ, ಗೇಣು, ಮೊಳ, ಮಾರು ಎಂದು ದೇಹದಿಂದಲೇ ಅಳೆಯುವುದು ನಮಗೆ ಹೊಸದಲ್ಲ. ಅಡಿ ಎಂದರೆ ಪಾದವೇ ಆದ್ದರಿಂದ ಇಂಗ್ಲಿಷರ ಅಳತೆ ಬಂದಾಗ ಅದಕ್ಕೆ ಹೆಸರು ಸಿದ್ಧವಾಗಿತ್ತು. ಇಂಚಿಗೆ ಪುಸ್ತಕಗಳಲ್ಲಿ ಅಂಗುಲ ಎಂಬ ಹೆಸರು ಬಂದಿತು. ಆದರೆ ನಮ್ಮ ಹಳೆಯ ಅಂಗುಲ ಇಂಚಲ್ಲ. ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಮೊಳ ಎಂದು ಲೆಕ್ಕ. ಮೊಳ ಸುಮಾರು ಹದಿನೆಂಟು ಇಂಚು. ಹಾಗಾದರೆ ಅಂಗುಲ ಮುಕ್ಕಾಲು ಇಂಚು. ಹಳೆಯ ಗ್ರಂಥದಲ್ಲಿ ಅಂಗುಲ ಎಂದು ಕಂಡಾಗ 2.54ರಿಂದ ಗುಣಿಸುವವರು ಮೂರನ್ನು ನಾಲ್ಕು ಮಾಡುತ್ತಾರೆ. ಗೊಂದಲ ಬೇಡವೆಂದೇ ನಾನು ಇಲ್ಲಿ ಇಂಚು ಎಂದು ಬರೆಯುತ್ತಿದ್ದೇನೆ.

ಎತ್ತರದ ಸಂಖ್ಯೆಯನ್ನು ಎಷ್ಟು ನಂಬಬೇಕು ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಉದಾಹರಣೆಯಿದೆ: ಶ್ರವಣಬೆಳಗೊಳದ ಗೊಮ್ಮಟ. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಅವರ ಹೆಸರಿನಲ್ಲಿ ಬಂದಿರುವ ಎತ್ತರ 70 ಅಡಿ 3 ಇಂಚು. ಆರ್ಥರ್ ವೆಲ್ಲೆಸ್ಲಿ ಅವರ ಹೆಸರಿನಲ್ಲಿ ಬಂದಿರುವುದು 60 ಅಡಿ 3 ಇಂಚು. ಎರಡರಲ್ಲೂ ಮೂರು ಇಂಚು ಇರುವುದನ್ನು ನೋಡಿ; ಹತ್ತು ಅಡಿ ಹೆಚ್ಚುಕಡಿಮೆಯಾದ ಮೇಲೆ ಆ ಮೂರು ಇಂಚಿಗೆ ಏನು ಬೆಲೆ? ಇಂಚು ಬರೆದ ಮಾತ್ರಕ್ಕೆ ಇಂಚಿನವರೆಗೂ ಅಳೆದಿದ್ದಾರೆ ಎಂದಲ್ಲ. 1871ರ ಮಸ್ತಕಾಭಿಷೇಕದ ಸಮಯದಲ್ಲಿ ಕಟ್ಟಿದ್ದ ಅಟ್ಟಣೆಯ ಸಹಾಯದಿಂದ ಮೈಸೂರು ಲೋಕೋಪಯೋಗಿ ಇಲಾಖೆಯವರು ಅಂಗಾಂಗಗಳನ್ನು ಅಳೆದರು. ಪಾದದಿಂದ ಕಿವಿಯ ತುದಿಯವರೆಗೆ 50 ಅಡಿ. ಅಲ್ಲಿಂದ ನೆತ್ತಿಯವರೆಗೆ ಸುಮಾರು 6 ಅಡಿ 6 ಇಂಚು. ಒಟ್ಟು 56 ಅಡಿ 6 ಇಂಚು. ಎರಡನೆಯದಕ್ಕೆ 'ಸುಮಾರು' ಎಂದು ಸೇರಿಸಿದ ಅವರ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. 1980ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭಾರತೀಯ ಕಲಾ ಇತಿಹಾಸ ಸಂಸ್ಥೆಯವರು ಅಳೆದಾಗ 58 ಅಡಿ 8 ಇಂಚು ಬಂದಿತು. ಜನರ ಬಾಯಲ್ಲಿ ಮತ್ತು ಅನೇಕ ಪುಸ್ತಕಗಳಲ್ಲಿ ಉಳಿದಿರುವುದು 57 ಅಡಿ.

ಇನ್ನು ಅದನ್ನು ಮೀಟರಿಗೆ ತಂದಾಗ ಏನಾಗುತ್ತದೆ ನೋಡೋಣ. 57 ಅಡಿಗೆ 17.37 ಮೀಟರ್. ಬರೆಯುವವರು ದಶಾಂಶ ಬಿಟ್ಟು 17 ಮೀಟರ್ ಎನ್ನುತ್ತಾರೆ. ಆ 17ನ್ನು ಓದಿದ ಇನ್ನೊಬ್ಬರು ಮತ್ತೆ ಅಡಿಗೆ ತಿರುಗಿಸಿದರೆ 55 ಅಡಿ 9 ಇಂಚು. ಎರಡು ಪುಸ್ತಕಗಳ ನಡುವೆ ಗೊಮ್ಮಟ ಹದಿನೈದು ಇಂಚು ಕುಗ್ಗಿದ. ಕಲ್ಲು ಕದಲಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಗುಣಾಕಾರವೂ ಸರಿಯಾಗಿಯೇ ಇದೆ. ಪೂರ್ಣ ಮೀಟರ್ ಎಂಬುದು ಮೂರು ಅಡಿಗಿಂತ ದೊಡ್ಡ ಹೆಜ್ಜೆ. ಆ ಹೆಜ್ಜೆಗೆ ದುಂಡಾಗಿಸಿದ ಮೇಲೆ ಇಂಚುಗಳನ್ನು ಮರಳಿ ಪಡೆಯಲಾಗದು.

ಮನುಷ್ಯನ ಎತ್ತರದಲ್ಲಿ ಇದೇ ಮಾತು ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಲೆಕ್ಕಕ್ಕೆ ಎರಡು ಸಂಖ್ಯೆ ನೆನಪಿದ್ದರೆ ಸಾಕು: ಐದಡಿಗೆ 152.4, ಪ್ರತಿ ಇಂಚಿಗೆ 2.54. ಐದಡಿ ಆರಿಂಚೆಂದರೆ 152.4ಕ್ಕೆ 15.24 ಕೂಡಿ 167.64. ಬೇಕಾದದ್ದು 168. ಮೂರೂವರೆ ಮಿಲಿಮೀಟರಿನಷ್ಟು ಕಡಿಮೆ. ಹಿಂದಕ್ಕೆ ಬರುವುದಾದರೆ 168ರಿಂದ 152.4 ಕಳೆದರೆ 15.6, ಅದನ್ನು 2.54ರಿಂದ ಭಾಗಿಸಿದರೆ 6.14. ಆದ್ದರಿಂದ 168 ಸೆಂಟಿಮೀಟರ್ ಎಂದರೆ ಐದಡಿ ಆರಿಂಚಿಗಿಂತ ಕೂದಲೆಳೆಯಷ್ಟು ಹೆಚ್ಚು.

ಇದನ್ನು ಕ್ಯಾಲ್ಕುಲೇಟರಿನಲ್ಲಿ ಮಾಡುವವರು ಒಂದು ಕಡೆ ಜಾರುತ್ತಾರೆ. 168ನ್ನು 30.48ರಿಂದ ಭಾಗಿಸಿದರೆ 5.51 ಎಂದು ಬರುತ್ತದೆ. ಅದು ಐದಡಿ ಐದಿಂಚಲ್ಲ. ಅಡಿಯಲ್ಲಿರುವುದು ಹತ್ತು ಭಾಗವಲ್ಲ, ಹನ್ನೆರಡು. ಆ 0.51ನ್ನು ಹನ್ನೆರಡರಿಂದ ಗುಣಿಸಿದರೆ ಆರಿಂಚು ಮೇಲೆ ಚೂರು ಎಂದು ತಿಳಿಯುತ್ತದೆ. ಇದೇ ಕಾರಣದಿಂದ ಜಾಹೀರಾತಿನಲ್ಲಿ 5.6 ಎಂದು ಬರೆದಿರುವ ವರನ ಎತ್ತರವನ್ನು ದಶಾಂಶವೆಂದು ಓದಿದರೆ ಐದಡಿ ಏಳಿಂಚಿಗೂ ಮೇಲಾಗುತ್ತದೆ, 170.7 ಸೆಂಟಿಮೀಟರ್. ಅಡಿ ಇಂಚಿನ ನಡುವೆ ಚುಕ್ಕೆ ಇಡಬಾರದೆಂದು ನಾನು ತರಗತಿಯಲ್ಲಿ ಪದೇ ಪದೇ ಹೇಳುತ್ತಿದ್ದುದು ಇದಕ್ಕೇ. ಐದಡಿ ಹತ್ತಿಂಚನ್ನು 5.10 ಎಂದು ಬರೆದವರ ಎತ್ತರವನ್ನು ಗಣಕಯಂತ್ರ 5.1 ಎಂದು ಓದಿ ಒಂಬತ್ತು ಇಂಚು ಕತ್ತರಿಸಿಬಿಡುತ್ತದೆ.

ಆದರೂ ಹುಡುಗನಿಗೆ 'ಸಾಲದು' ಎಂದು ಹೇಳಿಬಿಡುವುದೂ ತಪ್ಪೇ. ಐದಡಿ ಆರಿಂಚು ಎಂದು ಮನೆಯಲ್ಲಿ ಹೇಳುವಾಗ ಯಾರೂ ಕಾಲು ಇಂಚು, ಅರ್ಧ ಇಂಚು ಹೇಳುವುದಿಲ್ಲ. ಹತ್ತಿರದ ಇಂಚನ್ನು ಹೇಳುತ್ತಾರೆ. ಹಾಗೆ ಹೇಳಿದ ಐದಡಿ ಆರಿಂಚು ಒಂದು ಗೆರೆಯಲ್ಲ, ಎರಡೂವರೆ ಸೆಂಟಿಮೀಟರ್ ಅಗಲದ ಒಂದು ಪಟ್ಟಿ. ಅದರೊಳಗೆ 166.4 ಇರುವವನೂ ಬರುತ್ತಾನೆ, 168.9 ಇರುವವನೂ ಬರುತ್ತಾನೆ. ಒಬ್ಬ ಅನರ್ಹ, ಇನ್ನೊಬ್ಬ ಅರ್ಹ. ಇಬ್ಬರ ಮನೆಯಲ್ಲೂ ಹೇಳುವುದು ಒಂದೇ ಮಾತು. ಪಟ್ಟಿಯನ್ನು ಎಷ್ಟು ಸರಿಯಾಗಿ ಪರಿವರ್ತಿಸಿದರೂ ಅದು ಗೆರೆಯಾಗುವುದಿಲ್ಲ. ಹೊಸದಾಗಿ, ಸೆಂಟಿಮೀಟರಿನಲ್ಲೇ ಅಳೆಯಬೇಕು.

"ಮಗನನ್ನು ಭಾನುವಾರ ಕರೆದುಕೊಂಡು ಬಾರಪ್ಪ, ಲೆಕ್ಕ ಬೇಡ, ಅಳೆದೇ ನೋಡೋಣ" ಎಂದೆ. ಗೋಡೆಯ ಕಥೆಯನ್ನೂ ಆಗಲೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಅದು ನಮ್ಮೂರಿನವರಿಗೆಲ್ಲ ಆಗಲೇ ಗೊತ್ತಾಗಿತ್ತು ಮೇಷ್ಟ್ರೇ, ನೀವು ರಾತ್ರೋರಾತ್ರಿ ಗೋಡೆಗೆ ಬಣ್ಣ ಬಳಿದಾಗ" ಎಂದ. ನಾನು ಮೂವತ್ತು ವರ್ಷ ಮುಚ್ಚಿಟ್ಟುಕೊಂಡದ್ದನ್ನು ಅವನು ಮೂವತ್ತು ವರ್ಷ ಹೇಳದೆ ಉಳಿಸಿದ್ದ.

ಶನಿವಾರ ಸಂಜೆಯೇ ತಂದೆ ಮಗ ಇಬ್ಬರೂ ಬಂದರು. ಬಡಗಿಯ ಉಕ್ಕಿನ ಟೇಪನ್ನು ತರಿಸಿದ್ದೆ. ಬಟ್ಟೆಯ ಟೇಪು ಹಳತಾದಂತೆ ಎಳೆದುಕೊಳ್ಳುತ್ತದೆ, ಅಂಥದ್ದರಲ್ಲಿ ಮಿಲಿಮೀಟರ್ ಹುಡುಕಬಾರದು. ಗೋಡೆಯ ಕೆಳಗಿನ ಪಟ್ಟಿ ಮುಂದಕ್ಕೆ ಚಾಚಿದ್ದರೆ ಹಿಮ್ಮಡಿ ಗೋಡೆಗೆ ತಾಗುವುದಿಲ್ಲವಾದ್ದರಿಂದ ಬಾಗಿಲ ಚೌಕಟ್ಟನ್ನು ಆರಿಸಿಕೊಂಡೆವು. ಬರಿಗಾಲು, ಹಿಮ್ಮಡಿ, ಪೃಷ್ಠ, ಬೆನ್ನು ತಾಗಿರಬೇಕು. ಗಲ್ಲ ಎತ್ತಿದರೂ ತಗ್ಗಿಸಿದರೂ ಲೆಕ್ಕ ಕೆಡುತ್ತದೆ. ಕಣ್ಣಿನ ಕೆಳಗಿನ ಎಲುಬಿನ ಅಂಚು ಮತ್ತು ಕಿವಿಯ ರಂಧ್ರದ ಮೇಲಿನ ಅಂಚು ಒಂದೇ ಮಟ್ಟದಲ್ಲಿರಬೇಕು. ನೆತ್ತಿಯ ಮೇಲೆ ಪುಸ್ತಕವನ್ನು ಇಟ್ಟಾಗ ಅದರ ಬೆನ್ನು ಚೌಕಟ್ಟಿಗೆ ಪೂರ್ತಿಯಾಗಿ ಒರಗಿರಬೇಕು, ಇಲ್ಲವಾದರೆ ಪುಸ್ತಕ ಓರೆಯಾಗುತ್ತದೆ. ಮೂರು ಸಲ ಅಳೆದೆವು. 167.6, 167.7, 167.6.

ತಂದೆಯ ಮುಖ ಬಾಡಿತು. ಇಬ್ಬರನ್ನೂ ರಾತ್ರಿ ಇಲ್ಲೇ ಉಳಿಸಿಕೊಂಡೆ. ದಿನವಿಡೀ ನಿಂತು ನಡೆದಾಗ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಗಳು ಭಾರಕ್ಕೆ ಕುಗ್ಗುತ್ತವೆ, ಮಲಗಿದಾಗ ಮತ್ತೆ ನೀರುಂಡು ಉಬ್ಬುತ್ತವೆ. ಬೆಳಗಿಗೂ ಸಂಜೆಗೂ ಸುಮಾರು ಒಂದು ಸೆಂಟಿಮೀಟರ್ ವ್ಯತ್ಯಾಸ ಸಾಮಾನ್ಯ. ಅದರ ಬಹುಪಾಲು ಎದ್ದ ಮೊದಲ ಕೆಲವು ಗಂಟೆಗಳಲ್ಲೇ ಹೋಗುತ್ತದೆ. ಭಾನುವಾರ ಬೆಳಿಗ್ಗೆ ಆರೂವರೆಗೆ, ಕಾಫಿಗೂ ಮೊದಲು, ಅದೇ ಚೌಕಟ್ಟಿಗೆ ನಿಲ್ಲಿಸಿದೆವು. 168.5, 168.4, 168.5.

"ಹಾಗಾದರೆ ನನ್ನ ನಿಜವಾದ ಎತ್ತರ ಯಾವುದು ತಾತ?" ಎಂದು ಹುಡುಗ ಕೇಳಿದ. ಎರಡೂ ನಿಜವೇ ಎಂದೆ. 168ರ ಗೆರೆ ಅವನ ಬೆಳಗಿಗೂ ಸಂಜೆಗೂ ನಡುವೆ ಬಿದ್ದಿದೆ. ಮೈದಾನದಲ್ಲಿ ಬೆಳಿಗ್ಗೆ ಬೇಗ ಸರದಿ ಬಂದರೆ ಆದೀತು, ಓಡಿ, ನಿಂತು, ಮಧ್ಯಾಹ್ನ ಬಂದರೆ ಆಗದಿರಬಹುದು. ಇದನ್ನು ತಿಳಿದೇ ಅರ್ಜಿ ಹಾಕು, ಇನ್ನೊಂದು ಪರೀಕ್ಷೆಗೂ ಜೊತೆಯಲ್ಲೇ ಓದು ಎಂದೆ. ಅವನ ತಂದೆಗೆ ನಾನು ಹೇಳದೆ ಹೋದದ್ದು ಇಷ್ಟೇ ಮಾತು.

ಹೊರಡುವ ಮುನ್ನ ವಿದ್ಯಾರ್ಥಿ ತಾನೂ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತ. ಐವತ್ತು ಸಮೀಪಿಸುತ್ತಿರುವ ದೇಹ. 167.2. "ಗೋಡೆಗಿಂತ ಮೂರು ಸೆಂಟಿಮೀಟರ್ ಕಮ್ಮಿ ಮೇಷ್ಟ್ರೇ" ಎಂದು ನಕ್ಕ. ನಾನು ಪೆನ್ಸಿಲಿನಲ್ಲಿ ಮೂರೂ ಗೆರೆಗಳನ್ನು ಚೌಕಟ್ಟಿನ ಮೇಲೆ ಎಳೆದು, ಪಕ್ಕದಲ್ಲಿ ದಿನಾಂಕ, ಗಂಟೆ, ಸೆಂಟಿಮೀಟರ್ ಬರೆದಿಟ್ಟಿದ್ದೇನೆ. ಅಡಿ ಇಂಚು ಬರೆದಿಲ್ಲ.